ನೀರಲ್ಲಿ ನೆನೆಸಿದ ಸುತ್ತಿಗೆ ಮತ್ತೆ ಸಡಿಲವಾಗೋದು ಯಾಕೆ?

ಮಿನ್ನೆಸೋಟದ ಚಳಿಗಾಲದಲ್ಲಿ ನಮ್ಮ ಸುತ್ತಿಗೆಯ ತಲೆ ಅಲ್ಲಾಡೋಕೆ ಶುರುವಾಯ್ತು. ಊರಲ್ಲಿ ನೋಡಿದ್ದೇ ಮಾಡಿದೆವು: ರಾತ್ರಿಯಿಡೀ ಬಕೆಟ್ ನೀರಲ್ಲಿ ನೆನೆಸಿಟ್ಟೆವು. ಬೆಳಿಗ್ಗೆ ಗಟ್ಟಿಯಾಗಿತ್ತು. ಎರಡು ವಾರಕ್ಕೆ ಮೊದಲಿಗಿಂತ ಹೆಚ್ಚು ಸಡಿಲ! ಏಟಿನ ಮಧ್ಯೆ ತಲೆ ಕಳಚಿ ಹಾರಿದರೆ ಎದುರಿಗಿದ್ದವರ ಗತಿ?

ಆಗಿದ್ದೇನು ಅಂದ್ರೆ, ನೀರು ಕುಡಿದು ಮರದ ಕೋಶಭಿತ್ತಿಗಳು ಉಬ್ಬುತ್ತವೆ. ಈ ಉಬ್ಬು ಎಳೆಯ ಉದ್ದಕ್ಕೆ ತೀರಾ ಕಡಿಮೆ, ಅಡ್ಡಕ್ಕೆ ಹೆಚ್ಚು. ಆದರೆ ಸುತ್ತಲಿನ ಕಬ್ಬಿಣ ಜಗ್ಗೋದಿಲ್ಲ. ಹಾಗಾಗಿ ಕೋಶಗಳು ತಮ್ಮೊಳಗಿನ ಟೊಳ್ಳಿನ ಕಡೆಗೇ ಕುಸಿದು ಜಜ್ಜಿಹೋಗುತ್ತವೆ. ಒಣಗಿದಾಗ ಅವು ಹಳೆಯ ಅಳತೆಗೆ ಮರಳೋದಿಲ್ಲ, ಇನ್ನೂ ಚಿಕ್ಕದಾಗುತ್ತವೆ.

ಅದಕ್ಕೇ ಹೊಸ ಕಾವು ಹಾಕುವಾಗ ಅದು ಒಣಗಿರಬೇಕು. ಹಿಕರಿ ಮರದ ಕಾವಿನ ತೇವಾಂಶ ಶೇ. 12ರಿಂದ 6ಕ್ಕೆ ಇಳಿದರೆ, 25 ಮಿಲಿಮೀಟರ್ ಅಗಲದಲ್ಲಿ ಸುಮಾರು ಅರ್ಧ ಮಿಲಿಮೀಟರ್ ಕುಗ್ಗುತ್ತದೆ. ತಲೆ ಅಲ್ಲಾಡೋಕೆ ಅಷ್ಟು ಸಾಕು. ನಾವು ಹೊಸ ಕಾವನ್ನು ಹೀಟರ್ ಇರುವ ಕೋಣೆಯಲ್ಲಿ ಎರಡು ವಾರ ಇಟ್ಟೆವು.

ಹಳೆಯ ಕಾವನ್ನು ತಲೆಯ ಕೆಳಗೆ ಕೊಯ್ದು, ಉಳಿದ ತುಂಡನ್ನು ಕೆಳಗಿನಿಂದ ಮೇಲಕ್ಕೆ ಬಡಿದು ತೆಗೆದೆವು. ಸುಟ್ಟು ತೆಗೆಯಬಾರದು, ಉಕ್ಕಿನ ಹದ ಕೆಡುತ್ತದೆ. ಹೊಸ ಕಾವನ್ನು ಕಣ್ಣಿಗೆ ತೂರಿಸಿ ಹೊರತೆಗೆದಾಗ, ತಾಗಿದಲ್ಲಿ ಕಪ್ಪು ಗುರುತು ಕಾಣುತ್ತದೆ. ಅಲ್ಲಿ ಮಾತ್ರ ಅರದಿಂದ ಉಜ್ಜಿ, ಮತ್ತೆ ತೂರಿಸಿ ನೋಡಿದೆವು. ಕೊನೆಗೆ ತಲೆ ಕೆಳಗಾಗಿ ತೂಗಾಡುವ ಹಾಗೆ ಕಾವನ್ನು ಹಿಡಿದು, ಅದರ ಬುಡಕ್ಕೆ ಮರದ ಕೊಡತಿಯಿಂದ ಬಡಿದೆವು. ಭಾರವಾದ ತಲೆ ಜಡತ್ವದಿಂದ ಇದ್ದಲ್ಲೇ ನಿಲ್ಲುತ್ತದೆ, ಕಾವು ಅದರೊಳಗೆ ಇಳಿಯುತ್ತದೆ. ತುದಿ ಕೆಲವು ಮಿಲಿಮೀಟರ್ ಹೊರಗೆ ಇಣುಕಬೇಕು.

ಇನ್ನು ಬೆಣೆ. ಕಾವಿನ ತುದಿಯಲ್ಲಿ ಗರಗಸದ ಸೀಳೊಂದು ಇರುತ್ತದೆ, ಕಣ್ಣಿನ ಆಳದ ಮೂರನೇ ಎರಡು ಭಾಗದಷ್ಟು. ಒಣಗಿದ ಗಟ್ಟಿಮರದ ಬೆಣೆಯನ್ನು ಅದಕ್ಕೆ ಬಡಿದೆವು. ಸುತ್ತಿಗೆಯ ಕಣ್ಣು ಮೇಲ್ಗಡೆ ಸ್ವಲ್ಪ ಅಗಲ. ಬೆಣೆ ಮರವನ್ನು ಅಲ್ಲಿ ಅರಳಿಸುತ್ತದೆ. ಅರಳಿದ ಭಾಗ ಕೆಳಗಿನ ಇಕ್ಕಟ್ಟಿನಿಂದ ಜಾರಿ ಬರೋಕಾಗಲ್ಲ. ಹಿಡಿತದ ಗುಟ್ಟು ಅಂಟಲ್ಲ, ಈ ಆಕಾರ. ಬಡಿತದ ಸದ್ದು ಮಂದದಿಂದ ಗಡಸಾಗಿ, ಬೆಣೆ ಮುಂದೆ ಹೋಗದಿದ್ದರೆ ನಿಲ್ಲಿಸಿ. ಇನ್ನೂ ಹೊಡೆದರೆ ಸೀಳು ಕೆಳಗೆ ಓಡುತ್ತದೆ. ಉಳಿದ ತುದಿಯನ್ನು ಕೊಯ್ದು, ಅಗಸೆ ಎಣ್ಣೆ ಹಚ್ಚಿದೆವು. ಕೊಯ್ದ ತುದಿಯಲ್ಲೇ ತೇವಾಂಶ ಬೇಗ ಓಡಾಡೋದು. ಎಣ್ಣೆ ಅದನ್ನು ನಿಧಾನ ಮಾಡುತ್ತದೆ, ಪೂರ್ತಿ ತಡೆಯೋದಿಲ್ಲ.

ತಲೆಯ ಕೆಳಅಂಚಿಗೆ ಸರಿಯಾಗಿ ಕಾವಿನ ಮೇಲೆ ಪೆನ್ಸಿಲ್ ಗೆರೆ ಎಳೆದಿಟ್ಟಿದ್ದೇವೆ. ತಲೆ ಮೇಲಕ್ಕೆ ಸರಿದು, ಗೆರೆ ಮತ್ತು ಅಂಚಿನ ನಡುವೆ ಸಂದು ಕಂಡ ದಿನ ಆ ಸುತ್ತಿಗೆ ಎತ್ತೋದಿಲ್ಲ. ಬಕೆಟ್ ಹತ್ತಿರವೂ ಹೋಗೋದಿಲ್ಲ.