ನಿಮಗಿದು ಗೊತ್ತೇ? ಲೆಕ್ಕದ ಮೇಜಿನಿಂದ ಕೋಡಿಂಗ್‌ಗೆ

● 1944ರಲ್ಲಿ ಹಾರ್ವರ್ಡ್ ಮಾರ್ಕ್ 1 ಯಂತ್ರಕ್ಕೆ ಪ್ರೋಗ್ರಾಂ ಬರೆಯಲು ಕೂತಾಗ ಗ್ರೇಸ್ ಹಾಪರ್‌ಗೆ 37 ವರ್ಷ. ಅದಕ್ಕೂ ಮೊದಲು ಅವರು ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದರು. ಆ ಗಣಿತವೇ ಹೊಸ ಕೆಲಸದಲ್ಲಿ ಅವರ ಕೈಹಿಡಿಯಿತು.

● ಕಂಪನಿಗಳು ಫ್ರೆಷರ್‌ಗಳನ್ನು ಸಾಮಾನ್ಯವಾಗಿ ಪಾಸಾದ ವರ್ಷ ನೋಡಿ ಕರೆಯುತ್ತವೆ. ಹದಿನೈದು ವರ್ಷ ಲೆಕ್ಕಪತ್ರ ನೋಡಿದವರಿಗೆ ಆ ಬಾಗಿಲು ಬಹುಪಾಲು ಮುಚ್ಚಿದಂತೆಯೇ. ಅವರು ತಮ್ಮದೇ ಕಚೇರಿಯ ಎಂಐಎಸ್, ಡೇಟಾ ಅನಾಲಿಸಿಸ್ ಅಥವಾ ಅಕೌಂಟಿಂಗ್ ಸಾಫ್ಟ್‌ವೇರ್ ವಿಭಾಗದ ಬಾಗಿಲು ತಟ್ಟುವುದು ಮೇಲು.

● ಎಕ್ಸೆಲ್‌ನಲ್ಲಿ `VLOOKUP` ಬಳಸಿದವರಿಗೆ ಡೇಟಾಬೇಸ್‌ನ `JOIN` ಹೊಸದೆನಿಸದು. ಎರಡು ಪಟ್ಟಿಗಳನ್ನು ಒಂದು ಸಮಾನ ಅಂಕಣದಿಂದ ಜೋಡಿಸುವುದೇ ಎರಡರ ಕೆಲಸ. ಆದ್ದರಿಂದ ಮೊದಲು ಎಸ್‌ಕ್ಯೂಎಲ್, ನಂತರ ಪೈಥಾನ್ ಕಲಿಯುವುದು ಇವರಿಗೆ ಸಲೀಸು.

● ಜಿಎಸ್‌ಟಿ ಕೆಲಸ ಮಾಡುವವರು ಪ್ರತಿ ತಿಂಗಳು ಖರೀದಿ ಪುಸ್ತಕವನ್ನು ಜಿಎಸ್‌ಟಿಆರ್-2ಬಿ ಜತೆ ತಾಳೆ ನೋಡುತ್ತಾರೆ. ಎರಡೂ ಪಟ್ಟಿ ಓದಿಸಿಕೊಂಡ ಮೇಲೆ ಪೈಥಾನ್‌ನ ಪಾಂಡಾಸ್‌ನಲ್ಲಿ ಆ ತಾಳೆಯ ತಿರುಳು ಇಷ್ಟೇ:

```python
pd.merge(kharidi, gst2b, on=["gstin", "bill_no"],
         how="outer", indicator=True)
```

ಫಲಿತಾಂಶದ ಕೊನೆಯ ಅಂಕಣದಲ್ಲಿ `left_only` ಎಂದಿದ್ದರೆ ಬಿಲ್ ನಮ್ಮಲ್ಲಿದೆ, ಪೋರ್ಟಲ್‌ನಲ್ಲಿಲ್ಲ. `right_only` ಎಂದಿದ್ದರೆ ಅದರ ತಿರುಗುಮುರುಗು.

● ಕೆಲಸ ಕೆಡುವುದು ಇಲ್ಲೇ. ಸಿಎಸ್‌ವಿ ಕಡತ ಓದುವಾಗ ಬಿಲ್ ಸಂಖ್ಯೆಗಳೆಲ್ಲ ಬರೀ ಅಂಕಿಗಳಾಗಿದ್ದರೆ ಪಾಂಡಾಸ್ ಅವನ್ನು ಎಣಿಕೆ ಎಂದುಕೊಂಡು 0045 ಅನ್ನು 45 ಮಾಡುತ್ತದೆ, ಇನ್ನೊಂದು ಪಟ್ಟಿಯಲ್ಲಿ ಅದು ಅಕ್ಷರವಾಗಿಯೇ ಉಳಿದಿದ್ದರೆ ತಾಳೆ ಕೆಡುತ್ತದೆ. ಓದಿಸುವಾಗಲೇ `dtype=str` ಎಂದು ಹೇಳಬೇಕು. ಒಂದೇ ಬಿಲ್ ಎರಡೂ ಕಡೆ ‘ಇಲ್ಲ’ ಎಂದು ಬಂದರೆ ಈ ಸೊನ್ನೆ ಅಥವಾ ಒಂದು ಖಾಲಿ ಜಾಗವೇ ಕಾರಣವಿರಬಹುದು. ಹಳೇ ಅಕೌಂಟೆಂಟ್‌ಗೆ ಇದು ನೋಡಿದೊಡನೆ ಹೊಳೆಯುತ್ತದೆ. ಹೊಸ ಎಂಜಿನಿಯರ್‌ಗೆ ಹೊಳೆಯಲು ಹೊತ್ತು ಹಿಡಿಯುತ್ತದೆ.

● ದಿನಕ್ಕೆ ಒಂದು ಗಂಟೆ, ಭಾನುವಾರ ನಾಲ್ಕು ಗಂಟೆ ಕೊಟ್ಟರೆ ವಾರಕ್ಕೆ ಹತ್ತು ಗಂಟೆ, ವರ್ಷಕ್ಕೆ ಸುಮಾರು 500. ವಾರಕ್ಕೆ 40 ಗಂಟೆಯಂತೆ ಮೂರು ತಿಂಗಳು ಪೂರ್ಣಾವಧಿ ಕಲಿತರೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಕಲಿಯುವುದಕ್ಕೆಂದೇ ಸಂಬಳ ಬಿಡಬೇಕಿಲ್ಲ.

● ಸರ್ಟಿಫಿಕೇಟ್ ಬೇಕೆನಿಸಿದರೆ ಐಐಟಿ ಮದ್ರಾಸ್‌ನ ಆನ್‌ಲೈನ್ ಡೇಟಾ ಸೈನ್ಸ್ ಬಿಎಸ್ ಕೋರ್ಸ್‌ಗೆ ವಯಸ್ಸಿನ ಮಿತಿಯಿಲ್ಲ, ಜೆಇಇ ಬೇಕಿಲ್ಲ. ಆದರೆ ಅದರದೇ ಅರ್ಹತಾ ಪರೀಕ್ಷೆ ದಾಟಬೇಕು.

● ಆರನೇ ತಿಂಗಳಲ್ಲಿ ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳಿ: ವಿಡಿಯೊ ನೋಡದೆ, ಖಾಲಿ ಕಡತದಿಂದ ಶುರುಮಾಡಿ, ನಿಮ್ಮದೇ ಕಚೇರಿಯ ಒಂದು ತಿಂಗಳ ತಾಳೆ ಮುಗಿಸಬಲ್ಲಿರಾ? ಆಗದಿದ್ದರೆ ಕೆಲಸ ಬದಲಿಸುವ ಮಾತು ಮುಂದೂಡಿ. ಮುಗಿಸಲಾದರೆ ಆ ಕಡತವನ್ನೇ ಮೇಲಧಿಕಾರಿಗೆ ತೋರಿಸಿ ಹೊಸ ಹೊಣೆ ಕೇಳಿ. ರಾಜೀನಾಮೆ ಪತ್ರ ಬರೆಯುವುದು ಹೊಸ ಕೆಲಸದ ಪತ್ರ ಕೈಗೆ ಬಂದ ಮೇಲೆಯೇ ಇರಲಿ.