ಶಟರ್ ಎಳೆದ ಮಾತ್ರಕ್ಕೆ ಲೆಕ್ಕ ಮುಗಿಯುವುದಿಲ್ಲ

ತಾಲ್ಲೂಕು ಪೇಟೆಯೊಂದರಲ್ಲಿ ಹತ್ತು ವರ್ಷ ನಡೆದ ಎಲೆಕ್ಟ್ರಿಕಲ್ ಅಂಗಡಿ ಇದೆ ಎಂದಿಟ್ಟುಕೊಳ್ಳಿ. ವೈರು, ಸ್ವಿಚ್ಚು, ಹೋಲ್ಡರು ಮಾರುವ ಅಂಗಡಿ. ಮಾಲೀಕರಿಗೆ ವಯಸ್ಸಾಯಿತು, ಮಕ್ಕಳಿಗೆ ಆಸಕ್ತಿಯಿಲ್ಲ. 2025ರ ಡಿಸೆಂಬರ್ 31ಕ್ಕೆ ಬಾಡಿಗೆ ಕರಾರು ಮುಗಿಯಿತು. ಬೋರ್ಡು ಇಳಿಸಿ, ಮಿಕ್ಕ ಸರಕನ್ನು ಮನೆಯ ಹಿಂದಿನ ಕೋಣೆಗೆ ಸಾಗಿಸಿ, ಬೀಗದ ಕೈ ಕಟ್ಟಡದವರಿಗೆ ಕೊಟ್ಟರು. ಅವರ ಮಟ್ಟಿಗೆ ವ್ಯಾಪಾರ ಮುಗಿಯಿತು. ಜಿಎಸ್‌ಟಿ ಕಾನೂನಿನ ಮಟ್ಟಿಗೆ ಅದು ಇನ್ನೂ ನಡೆಯುತ್ತಲೇ ಇದೆ. ಮಾರಾಟ ಇರಲಿ ಬಿಡಲಿ, ನೋಂದಣಿ ಇರುವಷ್ಟು ದಿನ ರಿಟರ್ನ್ ಸಲ್ಲಿಸಲೇಬೇಕು.

ಹಾಗಾಗಿ ಮೊದಲ ಕೆಲಸ ರದ್ದತಿಯ ಅರ್ಜಿ. ವ್ಯಾಪಾರ ನಿಂತ 30 ದಿನದೊಳಗೆ ಜಿಎಸ್‌ಟಿ ಪೋರ್ಟಲ್‌ನಲ್ಲಿ REG-16 ಎಂಬ ನಮೂನೆ ತುಂಬಬೇಕು. ಏಕೆ ಮುಚ್ಚುತ್ತಿದ್ದೀರಿ, ಯಾವ ದಿನದಿಂದ ರದ್ದಾಗಬೇಕು, ಎಷ್ಟು ಸ್ಟಾಕ್ ಉಳಿದಿದೆ ಎಂದು ಅದು ಕೇಳುತ್ತದೆ. ಮುಂದಿನ ಪತ್ರವ್ಯವಹಾರಕ್ಕೆ ವಿಳಾಸವನ್ನೂ ಕೇಳುತ್ತದೆ. ಅಲ್ಲಿ ಖಾಲಿ ಮಾಡಿದ ಅಂಗಡಿಯ ವಿಳಾಸ ಬರೆದರೆ ನೋಟಿಸು ಬಂದದ್ದೇ ಗೊತ್ತಾಗದು. ಆಡಿಟರ್ ಮೊಬೈಲ್ ನಂಬರ್ ಕೊಟ್ಟಿದ್ದರೂ ಅದೇ ಪಾಡು. ಮನೆಯ ವಿಳಾಸ, ಸ್ವಂತ ನಂಬರ್ ಇರಲಿ.

ಅರ್ಜಿ ಹಾಕಿದ ದಿನ ಅಥವಾ ನೀವು ರದ್ದತಿ ಕೇಳಿದ ದಿನ, ಇವೆರಡರಲ್ಲಿ ಯಾವುದು ತಡವೋ ಆ ದಿನದಿಂದ ನೋಂದಣಿ ಅಮಾನತಿನಲ್ಲಿ ಇರುತ್ತದೆ. ಆ ಬಳಿಕ ತೆರಿಗೆ ಹಾಕಿ ಬಿಲ್ ಕೊಡುವಂತಿಲ್ಲ. ಮಾಮೂಲಿ ರಿಟರ್ನ್ ಸಲ್ಲಿಸುವ ಗೋಜೂ ಇಲ್ಲ. ಆದರೆ ಅಮಾನತಿಗೆ ಮುಂಚಿನ ಅವಧಿಯ GSTR-1, GSTR-3B ಬಾಕಿಯಿದ್ದರೆ ಅವನ್ನು ತೀರಿಸಬೇಕು. ಅರ್ಜಿ ಸರಿಯಿದ್ದರೆ ಅಧಿಕಾರಿ 30 ದಿನದೊಳಗೆ REG-19 ಎಂಬ ರದ್ದತಿ ಆದೇಶ ಹೊರಡಿಸಬೇಕು.

ಆದೇಶ ಕೈಗೆ ಬಂದಾಗ ಬಹಳ ಮಂದಿ ಎಲ್ಲ ಮುಗಿಯಿತು ಎಂದುಕೊಳ್ಳುತ್ತಾರೆ. ತಪ್ಪಾಗುವುದು ಅಲ್ಲೇ. ಅದಾದ ಮೇಲೆ ಇನ್ನೊಂದು ರಿಟರ್ನ್ ಇದೆ. ಅದೇ ಅಂತಿಮ ರಿಟರ್ನ್, GSTR-10. ಕೊನೆಯ ತಿಂಗಳ 3B ಬೇರೆ, ವಾರ್ಷಿಕ ರಿಟರ್ನ್ ಬೇರೆ, ಇದು ಬೇರೆ. ರದ್ದತಿ ಜಾರಿಗೆ ಬಂದ ದಿನ ಅಥವಾ ಆದೇಶದ ದಿನ, ಯಾವುದು ತಡವೋ ಅಲ್ಲಿಂದ ಮೂರು ತಿಂಗಳು ಗಡುವು. ನಮ್ಮ ಅಂಗಡಿಯವರಿಗೆ 2026ರ ಫೆಬ್ರವರಿ 5ರಂದು ಆದೇಶ ಬಂತೆಂದರೆ, ಮೇ 5ರೊಳಗೆ ಸಲ್ಲಿಸಬೇಕು. ಶಟರ್ ಎಳೆದ ದಿನದಿಂದ ಎಣಿಸುವುದಲ್ಲ. ಕಾಂಪೊಸಿಷನ್ ಯೋಜನೆಯಲ್ಲಿ ಇದ್ದವರಿಗೆ ಈ ರಿಟರ್ನ್ ಇಲ್ಲ. ಮಾಮೂಲಿ ನೋಂದಣಿಯವರಿಗೆ, ಸ್ಟಾಕ್ ಸೊನ್ನೆಯಾಗಿದ್ದರೂ ಇದೆ.

ಈ ರಿಟರ್ನ್ ಕೇಳುವುದು ಮುಖ್ಯವಾಗಿ ಒಂದೇ ಪ್ರಶ್ನೆ: ರದ್ದತಿಯ ಹಿಂದಿನ ದಿನ ನಿಮ್ಮ ಬಳಿ ಏನೇನು ಉಳಿದಿತ್ತು? ಸರಕು ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ತೆಗೆದುಕೊಂಡಿದ್ದೀರಿ. ಮುಂದೆ ಅದನ್ನು ಮಾರಿ ಗಿರಾಕಿಯಿಂದ ತೆರಿಗೆ ವಸೂಲು ಮಾಡುತ್ತೀರಿ ಎಂಬ ನಂಬಿಕೆಯ ಮೇಲೆ ಸರ್ಕಾರ ಕೊಟ್ಟ ಕ್ರೆಡಿಟ್ ಅದು. ಮಾರದೆ ನೋಂದಣಿ ಬಿಟ್ಟರೆ ಅದನ್ನು ಹಿಂದಿರುಗಿಸಬೇಕು. ಉಳಿದ ಸರಕಿನ ಮೇಲೆ ಪಡೆದ ಕ್ರೆಡಿಟ್, ಅಥವಾ ಅದೇ ಸರಕನ್ನು ಮಾರಿದ್ದರೆ ಬರುತ್ತಿದ್ದ ತೆರಿಗೆ, ಇವೆರಡರಲ್ಲಿ ಹೆಚ್ಚಿನದನ್ನು ಕಟ್ಟಬೇಕು ಎನ್ನುತ್ತದೆ ಕಾನೂನು.

ಈಗ ಹಿಂದಿನ ಕೋಣೆಯ ಸರಕಿನ ಲೆಕ್ಕ ಹಾಕೋಣ. ತೆರಿಗೆ ಬಿಟ್ಟು ಅದರ ಖರೀದಿ ಬೆಲೆ 2,00,000 ರೂಪಾಯಿ. ಶೇ 18ರಂತೆ ತೆಗೆದುಕೊಂಡ ಕ್ರೆಡಿಟ್ 36,000. ಸರಕು ಹಳೆಯದು, ಈಗ ಒಂದೂವರೆ ಲಕ್ಷಕ್ಕೆ ಮಾತ್ರ ಹೋಗಬಹುದು, ಅದರ ಮೇಲಿನ ತೆರಿಗೆ 27,000. ಹೆಚ್ಚಿನದು 36,000, ಕಟ್ಟಬೇಕಾದ್ದೂ ಅದೇ. ಸರಕಿನ ಬೆಲೆ ಇಳಿದಿದೆ ಎಂಬ ಕಾರಣಕ್ಕೆ ತೆರಿಗೆ ಇಳಿಯುವುದಿಲ್ಲ.

ಜೊತೆಗೆ ಬಿಲ್ಲಿಂಗ್ ಕಂಪ್ಯೂಟರ್. 50,000 ರೂಪಾಯಿಯದು, ಕ್ರೆಡಿಟ್ 9,000. ಇಂಥ ಸಾಮಗ್ರಿಗೆ ಕಾನೂನು ಐದು ವರ್ಷ, ಅಂದರೆ 60 ತಿಂಗಳ ಆಯುಸ್ಸು ಕೊಡುತ್ತದೆ. 40 ತಿಂಗಳು ಬಳಸಿದ್ದರೆ ಉಳಿದದ್ದು 20 ತಿಂಗಳು, ಹಾಗಾಗಿ 9,000ದಲ್ಲಿ ಮೂರನೇ ಒಂದು ಪಾಲು, 3,000. ಅದರ ಇಂದಿನ ಬೆಲೆ 10,000 ಎಂದರೆ ತೆರಿಗೆ 1,800. ಇಲ್ಲೂ ಹೆಚ್ಚಿನದೇ ಲೆಕ್ಕಕ್ಕೆ: 3,000. ಒಟ್ಟು 39,000. ಕ್ರೆಡಿಟ್ ಲೆಡ್ಜರ್‌ನಲ್ಲಿ 15,000 ಇದ್ದರೆ ಅದನ್ನು ವಜಾ ಮಾಡಿ, ಮಿಕ್ಕ 24,000 ನಗದು ಕಟ್ಟಬೇಕು. ಅಂಗಡಿ ಮುಚ್ಚಿ ಆದಾಯ ನಿಂತ ಹೊತ್ತಿನಲ್ಲಿ, ಕೈಯಿಂದ.

ಇದೇ ಸರಕನ್ನು ನೋಂದಣಿ ಇರುವಾಗಲೇ, ಡಿಸೆಂಬರ್‌ನಲ್ಲಿ, ಬಿಲ್ ಹಾಕಿ ಕ್ಲಿಯರೆನ್ಸ್‌ಗೆ ಕೊಟ್ಟಿದ್ದರೆ? 1,40,000ಕ್ಕೆ ಹೋಗಿದ್ದರೂ ತೆರಿಗೆ 25,200, ಅದನ್ನು ಕೊಡುವವನು ಗಿರಾಕಿ. ಲೆಡ್ಜರ್‌ನ 15,000 ಅದಕ್ಕೆ ವಜಾ ಆಗಿ, ಮಿಕ್ಕ 10,200ನ್ನು ಗಿರಾಕಿಯ ದುಡ್ಡಿನಲ್ಲೇ ಕಟ್ಟಬಹುದಿತ್ತು. ಸರಕಿನ ಹಣವೂ ಕೈಸೇರುತ್ತಿತ್ತು. ಹೋಲ್‌ಸೇಲಿನವರು ಕ್ರೆಡಿಟ್ ನೋಟ್ ಕೊಟ್ಟು ವಾಪಸ್ ತೆಗೆದುಕೊಂಡರೆ ಅದೂ ಒಳ್ಳೆಯ ದಾರಿ. ಆದರೆ ಸರಕು ನಿಜವಾಗಿ ಹೋಗಿರಬೇಕು. ಮಾಲು ಮನೆಯಲ್ಲೇ ಇಟ್ಟುಕೊಂಡು ಕಾಗದದ ಮೇಲೆ ಮಾರುವುದು ಸುಳ್ಳು ಬಿಲ್ಲಿನ ಅಪರಾಧ.

ಇನ್ನೊಂದು ತೊಡಕು ಹಳೆಯ ಖರೀದಿ ಬಿಲ್ಲುಗಳದು. ಬಿಲ್ ಕಳೆದಿದ್ದರೆ ಆ ಸರಕಿನ ಕ್ರೆಡಿಟ್ಟನ್ನು ಮಾರುಕಟ್ಟೆ ಬೆಲೆಯ ಮೇಲೆ ಅಂದಾಜು ಮಾಡಿ, ಚಾರ್ಟರ್ಡ್ ಅಕೌಂಟೆಂಟ್ ಅಥವಾ ಕಾಸ್ಟ್ ಅಕೌಂಟೆಂಟ್ ಅವರಿಂದ ಪ್ರಮಾಣಪತ್ರ ಪಡೆಯಬೇಕು. GSTR-10 ಒಮ್ಮೆ ಸಲ್ಲಿಸಿದ ಮೇಲೆ ತಿದ್ದಲು ಬರುವುದಿಲ್ಲ. ಆದ್ದರಿಂದ ಕೊನೆಯ ದಿನ ಸರಕು ಎಣಿಸಿ, ಪಟ್ಟಿ ಬರೆದು, ಸಹಿ ಹಾಕಿ ಇಟ್ಟುಕೊಳ್ಳುವುದು ಒಳ್ಳೆಯದು.

ಸಲ್ಲಿಸದೆ ಬಿಟ್ಟರೆ ಲೇಟ್ ಫೀ ದಿನಕ್ಕೆ 200 ರೂಪಾಯಿ. ಕೇಂದ್ರದ ಪಾಲು 100, ರಾಜ್ಯದ ಪಾಲು 100. ಐವತ್ತೇ ದಿನಕ್ಕೆ ಅದು 10,000ದ ಮಿತಿ ಮುಟ್ಟುತ್ತದೆ. ಮೊದಲು 15 ದಿನದ ನೋಟಿಸು ಬರುತ್ತದೆ. ಅದಕ್ಕೂ ಜಗ್ಗದಿದ್ದರೆ ಅಧಿಕಾರಿ ತನ್ನ ಬಳಿಯ ಮಾಹಿತಿಯಿಂದಲೇ ತೆರಿಗೆ ನಿರ್ಧರಿಸಿ ಆದೇಶ ಹೊರಡಿಸಬಹುದು. ಹಳೆಯ 3Bಗಳಲ್ಲಿ ತೋರಿಸಿದ ಕ್ರೆಡಿಟ್ ಹೇಗೂ ಅವರ ಕಣ್ಣ ಮುಂದಿದೆ. 2023ರಲ್ಲಿ ಒಮ್ಮೆ ಸರ್ಕಾರ ಈ ಲೇಟ್ ಫೀಯನ್ನು ಒಟ್ಟು 1,000 ರೂಪಾಯಿಗೆ ಇಳಿಸಿ ಆಗಸ್ಟ್ 31ರವರೆಗೆ ಅವಕಾಶ ಕೊಟ್ಟಿತ್ತು. ಅಂಥದ್ದು ಮತ್ತೆ ಬರುತ್ತದೆ ಎಂದು ಕಾಯುವುದು ಲೆಕ್ಕವಲ್ಲ.

ಬರಬೇಕಾದ ಹಣವೂ ಇರಬಹುದು. ಕ್ಯಾಶ್ ಲೆಡ್ಜರ್‌ನಲ್ಲಿ ಹೆಚ್ಚುವರಿ ಉಳಿದಿದ್ದರೆ RFD-01 ಅರ್ಜಿ ಹಾಕಿ ವಾಪಸ್ ಪಡೆಯಬಹುದು.

ನೋಂದಣಿ ರದ್ದಾದರೂ ಹಿಂದಿನ ವರ್ಷಗಳ ಹೊಣೆ ರದ್ದಾಗುವುದಿಲ್ಲ. ಆಯಾ ವರ್ಷದ ವಾರ್ಷಿಕ ರಿಟರ್ನ್ ಗಡುವಿನಿಂದ 72 ತಿಂಗಳು ಲೆಕ್ಕಪತ್ರ ಕಾಪಾಡಬೇಕು. ಅಂಗಡಿ ಮುಚ್ಚುವ ಆಲೋಚನೆ ಬಂದವರು ಮೊದಲು ಕಪಾಟು ಖಾಲಿ ಮಾಡಿ, ಆಮೇಲೆ ಅರ್ಜಿ ಹಾಕಿ. ಬಿಲ್ಲಿನ ಕಟ್ಟುಗಳನ್ನು ಮಾತ್ರ ರದ್ದಿಗೆ ಹಾಕಬೇಡಿ.