ಷೇರು ಕದಲಲಿಲ್ಲ, ದುಡ್ಡು ಕರಗಿತು

ಸಾವಿರ ರೂಪಾಯಿಯ ಒಂದು ಷೇರು ಕೆಲವು ತಿಂಗಳಿಂದ 950ಕ್ಕೂ 1050ಕ್ಕೂ ನಡುವೆಯೇ ಓಲಾಡುತ್ತಿದೆ ಎನ್ನೋಣ. ಏರುವ ಸುದ್ದಿಯಿಲ್ಲ, ಬೀಳುವ ಸೂಚನೆಯೂ ಇಲ್ಲ. ಇಂಥ ಷೇರಿನಿಂದ ದುಡ್ಡು ಮಾಡಲು ಆಪ್ಷನ್ ಟ್ರೇಡರ್‌ಗಳು ಹೂಡುವ ಆಟಗಳಲ್ಲಿ ಡಬಲ್ ಕ್ಯಾಲೆಂಡರ್ ಒಂದು.

ಇದರಲ್ಲಿ ನಾಲ್ಕು ಕಾಲುಗಳಿವೆ. 30 ದಿನದಲ್ಲಿ ಅವಧಿ ಮುಗಿಯುವ 1050ರ ಕಾಲ್ ಮತ್ತು 950ರ ಪುಟ್ ಮಾರುವುದು. ಅದೇ ಸ್ಟ್ರೈಕ್‌ಗಳ 60 ದಿನದ ಕಾಲ್ ಮತ್ತು ಪುಟ್ ಕೊಳ್ಳುವುದು. ಅವಧಿ ಹತ್ತಿರವಾದಷ್ಟೂ ಆಪ್ಷನ್ನಿನ ಬೆಲೆ ಬೇಗ ಸವೆಯುತ್ತದೆ. ಮಾರಿದ್ದು ಬೇಗ ಸವೆಯಲಿ, ಕೊಂಡದ್ದು ನಿಧಾನವಾಗಿ ಸವೆಯಲಿ ಎಂಬುದೇ ಹಂಚಿಕೆ. ಲಾಭದ ಗ್ರಾಫ್ ಬರೆದರೆ ಎರಡು ಡುಬ್ಬದ ಒಂಟೆಯ ಬೆನ್ನು: 950 ಮತ್ತು 1050ರ ಬಳಿ ಎತ್ತರ, ನಡುವೆ ತಗ್ಗು.

ಆ ತಗ್ಗನ್ನೇ ಸ್ವಲ್ಪ ನೋಡಬೇಕು. ಮುಂದೆ ಷೇರು ಎಷ್ಟು ಕುಣಿಯಬಹುದು ಎಂಬ ಮಾರುಕಟ್ಟೆಯ ಅಂದಾಜು ಆಪ್ಷನ್ ಬೆಲೆಯಲ್ಲೇ ಅಡಗಿರುತ್ತದೆ. ಅದು ಇಂಪ್ಲೈಡ್ ವೊಲಾಟಿಲಿಟಿ, ಟ್ರೇಡರ್‌ಗಳ ಬಾಯಲ್ಲಿ ಐವಿ. ನಾಲ್ಕೂ ಆಪ್ಷನ್‌ಗಳ ಐವಿ ಶೇ 25 ಎಂದಿಟ್ಟುಕೊಂಡು, ಬಡ್ಡಿ ಬಿಟ್ಟು, ಬ್ಲ್ಯಾಕ್-ಶೋಲ್ಸ್ ಸೂತ್ರದಲ್ಲಿ ಲೆಕ್ಕ ಹಾಕಿದರೆ ಕೊಳ್ಳಲು ಷೇರೊಂದಕ್ಕೆ 40.50 ರೂ. ಬೇಕು, ಮಾರಿದ್ದರಿಂದ 20.50 ರೂ. ಬರುತ್ತದೆ. ಕೈಯಿಂದ ಹೋದದ್ದು ಸುಮಾರು 20 ರೂ.

ಮೂವತ್ತು ದಿನ ಕಳೆಯಿತು. ಷೇರು ಸರಿಯಾಗಿ 1000ದಲ್ಲೇ ನಿಂತಿದೆ. ಮಾರಿದ ಎರಡೂ ಆಪ್ಷನ್‌ಗಳು ಸೊನ್ನೆಯಾದವು. ಊಹೆ ಅಕ್ಷರಶಃ ನಿಜವಾಯಿತು. ಐವಿ 25ರಲ್ಲೇ ಇದ್ದರೆ ಉಳಿದ ಎರಡು ಆಪ್ಷನ್‌ಗಳ ಬೆಲೆ 20.50 ರೂ.; ಅಂದರೆ ಅಸಲು ಬಂತು, ಅಷ್ಟೇ. ಐವಿ 20ಕ್ಕೆ ಇಳಿದಿದ್ದರೆ ಆ ಬೆಲೆ 12 ರೂ. ಚಿಲ್ಲರೆ. ಕೈಗೆ ಸುಮಾರು 8 ರೂ. ನಷ್ಟ, ಷೇರು ಒಂದು ಪೈಸೆಯೂ ಕದಲದೆ!

ಈ ಇಳಿಕೆ ಅಪರೂಪದ್ದಲ್ಲ. ಷೇರು ವಾರಗಟ್ಟಲೆ ತೆಪ್ಪಗಿದ್ದರೆ ಅದರ ಐವಿ ಇಳಿಯುವುದು ಸಾಮಾನ್ಯ. ಹೂಡಿದವರು ಷೇರು ಸುಮ್ಮನಿರಲಿ ಎನ್ನುತ್ತಾರೆ, ಐವಿ ಮಾತ್ರ ಇಳಿಯಬಾರದು ಎನ್ನುತ್ತಾರೆ. ಎರಡೂ ಒಟ್ಟಿಗೆ ಸಿಗುವುದು ಕಷ್ಟ.

ಐವಿ ಒಂದು ಅಂಶ ಬದಲಾದರೆ ಬೆಲೆ ಎಷ್ಟು ಬದಲಾಗುತ್ತದೆ ಎಂಬ ಅಳತೆಯೇ ವೇಗಾ. ನಮ್ಮ ಉದಾಹರಣೆಯಲ್ಲಿ, ಹೂಡಿದ ದಿನ, ಕೊಂಡ ಜೋಡಿಯ ವೇಗಾ 2.86, ಮಾರಿದ ಜೋಡಿಯದು 1.79. ಕಳೆದರೆ ಸುಮಾರು 1.07; ಐವಿ ಏರಿದರೆ ಲಾಭ ಎಂದು ತೆರೆ ಹೇಳುತ್ತದೆ. ಆದರೆ ಎರಡು ತಿಂಗಳ ಐವಿಗಳೂ ಒಂದೇ ಪ್ರಮಾಣದಲ್ಲಿ ಏರಿಳಿದರೆ ಮಾತ್ರ ಆ ಮಾತು ನಿಜ. ದಿಢೀರ್ ಭಯ ಹುಟ್ಟಿದಾಗ ಹತ್ತಿರದ ತಿಂಗಳ ಐವಿ ಹೆಚ್ಚು ಜಿಗಿಯುತ್ತದೆ, ದೂರದ್ದು ಕಡಿಮೆ. ಹತ್ತಿರದ್ದು 6 ಅಂಶ, ದೂರದ್ದು 2 ಅಂಶ ಏರಿದರೆ ಲಾಭದ ಬದಲು ಸುಮಾರು 5 ರೂ. ನಷ್ಟ. ಹಾಗಾಗಿ ಒಟ್ಟು ವೇಗಾ ಒಂದನ್ನೇ ನಂಬಿ ಕೂರುವಂತಿಲ್ಲ.

ಡಬಲ್ ಡಯಾಗನಲ್ ಈ ಹೊರೆಯನ್ನು ಸ್ವಲ್ಪ ಇಳಿಸುತ್ತದೆ. ಮಾರುವುದು ಅದೇ 950 ಮತ್ತು 1050. ಕೊಳ್ಳುವುದು ಮಾತ್ರ ಇನ್ನೂ ಹೊರಗಿನ 930ರ ಪುಟ್, 1070ರ ಕಾಲ್. ಖರ್ಚು 9 ರೂ.ಗೆ ಇಳಿಯುತ್ತದೆ, ವೇಗಾ 0.75ಕ್ಕೆ. ಮೇಲಿನದೇ ಸನ್ನಿವೇಶದಲ್ಲಿ ಐವಿ 20ಕ್ಕೆ ಬಿದ್ದರೆ ನಷ್ಟ 3 ರೂ. ಒಳಗೆ. ಬೆಲೆ ತೆರಬೇಕಾದದ್ದು ಬೇರೆ ಕಡೆ: ಷೇರು 800ಕ್ಕೆ ಕುಸಿದರೆ ಕ್ಯಾಲೆಂಡರ್ 20 ರೂ. ನುಂಗುತ್ತದೆ, ಡಯಾಗನಲ್ ಸ್ಟ್ರೈಕ್‌ಗಳ ನಡುವಿನ 20 ರೂ. ಅಂತರವನ್ನೂ ಸೇರಿಸಿ ಸುಮಾರು 29 ರೂ. ನುಂಗುತ್ತದೆ.

ಹೂಡುವ ಮುನ್ನ ಕಂಪನಿಯ ಫಲಿತಾಂಶದ ದಿನ ನೋಡಲೇಬೇಕು. ಇನ್ಫೋಸಿಸ್ ತ್ರೈಮಾಸಿಕ ಫಲಿತಾಂಶ ಕೊಡುವುದು ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ಗಳಲ್ಲಿ. ಮಾರ್ಚ್ ಆಪ್ಷನ್ ಮಾರಿ ಏಪ್ರಿಲ್‌ನದು ಕೊಂಡರೆ, ಫಲಿತಾಂಶದ ಕುತೂಹಲ ಕೊಂಡ ಆಪ್ಷನ್ನಿನ ಬೆಲೆಯಲ್ಲಿ ಸೇರಿರುತ್ತದೆ. ಫಲಿತಾಂಶ ಹೊರಬಿದ್ದೊಡನೆ ಆ ಐವಿ ಸಾಮಾನ್ಯವಾಗಿ ಕುಸಿಯುತ್ತದೆ. ಅದಕ್ಕೇ ಪಳಗಿದವರು ಮಾರ್ಚ್ ಎಕ್ಸ್‌ಪೈರಿಯ ಹೊತ್ತಿಗೇ ಕೊಂಡದ್ದನ್ನೂ ಮಾರಿ ಹೊರಬರುತ್ತಾರೆ.

ಎನ್‌ಎಸ್‌ಇಯಲ್ಲಿ ಇನ್ನೆರಡು ತೊಡಕು. ಇಲ್ಲಿ ಷೇರು ಆಪ್ಷನ್‌ಗಳಿಗೆ ವಾರದ ಎಕ್ಸ್‌ಪೈರಿ ಇಲ್ಲ, ಮುಂದಿನ ತಿಂಗಳವುಗಳಲ್ಲಿ ವಹಿವಾಟೂ ತೆಳು. ಕೊಳ್ಳುವ-ಮಾರುವ ಬೆಲೆಗಳ ಅಂತರ ಕಾಲೊಂದಕ್ಕೆ ಒಂದು ರೂಪಾಯಿಯಿದ್ದರೂ, ನಾಲ್ಕು ಕಾಲುಗಳನ್ನು ಹೂಡಿ ಬಿಚ್ಚುವಷ್ಟರಲ್ಲಿ ನಾಲ್ಕು ರೂಪಾಯಿ ಹೋಗಿರುತ್ತದೆ. ಎರಡನೆಯದು ಸೆಟಲ್‌ಮೆಂಟ್: 2019ರ ಅಕ್ಟೋಬರ್‌ನಿಂದ ಎಲ್ಲ ಷೇರು ಆಪ್ಷನ್‌ಗಳೂ ಷೇರುಗಳನ್ನೇ ಕೊಟ್ಟು ತೆಗೆದುಕೊಂಡು ಚುಕ್ತಾ ಆಗಬೇಕು. ಕೊನೆಯ ದಿನ ಷೇರು 1060ರಲ್ಲಿ ಮುಗಿದರೆ, 1050ರ ಕಾಲ್ ಮಾರಿದವರು ಒಂದಿಡೀ ಲಾಟ್ ಷೇರು ಒದಗಿಸಬೇಕಾಗುತ್ತದೆ. ಕೈಯಲ್ಲಿರುವ ಮುಂದಿನ ತಿಂಗಳ ಕಾಲ್ ಅದಕ್ಕೆ ಬದಲಿಯಾಗದು.